ವರದಿಯ ಕೊನೆಯ ಪದ

ಊರಿನ ಕಾಲೇಜಿನಲ್ಲಿ ಎರಡು ದಿನದ ವಿಚಾರ ಸಂಕಿರಣ ನಡೆದರೆ ಮಾರನೆಯ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವರದಿ ಬರುತ್ತದೆ. ಉದ್ಘಾಟಕರು ಹೇಳಿದ್ದು ಮೇಲೆ, ಅಧ್ಯಕ್ಷರು ಹೇಳಿದ್ದು ಅದರ ಕೆಳಗೆ, ಆಮೇಲೆ ವೇದಿಕೆಯಲ್ಲಿದ್ದವರ ಹೆಸರು. ಕಟ್ಟಕಡೆಗೆ ಒಂದು ಸಾಲು ಇರುತ್ತದೆ: ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಜಾಗ ಸಾಲದಿದ್ದರೆ ಡೆಸ್ಕಿನವರು ಮೊದಲು ಕತ್ತರಿಸುವುದು ಈ ಸಾಲನ್ನೇ.

ಆ ‘ವಂದಿಸಿದರು’ ಎನ್ನುವ ಪದದ ಹಿಂದಿನ ಕೆಲಸವನ್ನು ನಾನು 17 ವರ್ಷ ಮಾಡಿದ್ದೇನೆ. ಕನ್ನಡ ಅಧ್ಯಾಪಕನಾಗಿದ್ದರಿಂದ ಯಾವ ವಿಭಾಗದ ಸಂಕಿರಣವಾದರೂ ವಂದನಾರ್ಪಣೆ ನನ್ನ ಪಾಲಿಗೆ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾದ ಮಾತು ಒಂದೇ. ಸ್ವಾಗತ ಭಾಷಣವನ್ನು ಆಹ್ವಾನ ಪತ್ರಿಕೆ ನೋಡಿಕೊಂಡು ಒಂದು ವಾರ ಮೊದಲೇ ಬರೆದಿಡಬಹುದು. ಆಶಯ ಭಾಷಣವನ್ನು ತಿಂಗಳ ಮೊದಲೇ ಬರೆಯಬಹುದು. ವಂದನಾರ್ಪಣೆಯನ್ನು ಮಾತ್ರ ಹಾಗೆ ಬರೆದಿಡಲಾಗದು, ಏಕೆಂದರೆ ಅದು ನಡೆದುಹೋದದ್ದರ ಕುರಿತ ಮಾತು.

ಆದರೂ ಬಹುಪಾಲು ಕಡೆ ಆಗುವುದೇನು? ಸಮಾರೋಪ ಶುರುವಾಗಲು ಐದು ನಿಮಿಷ ಇರುವಾಗ ಸಂಚಾಲಕರು ಬಂದು, ‘ಸರ್, ನೀವೊಂದು ವಂದನಾರ್ಪಣೆ ಮಾಡಿಬಿಡಿ’ ಎಂದು ಕೈಗೆ ಆಹ್ವಾನ ಪತ್ರಿಕೆ ಕೊಡುತ್ತಾರೆ. ಅವರು ಅದನ್ನೇ ಮೇಲಿನಿಂದ ಕೆಳಗೆ ಓದುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಇರುವುದು ಬರಬೇಕಾಗಿದ್ದವರ ಹೆಸರು. ಬರಲಾಗದೆ ಉಳಿದ ಶಾಸಕರಿಗೆ ‘ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟು ಆಗಮಿಸಿದ’ ಎಂದು ವಂದನೆ ಸಲ್ಲುತ್ತದೆ. ಅವರ ಬದಲಿಗೆ ಕೊನೆ ಗಳಿಗೆಯಲ್ಲಿ ಒಪ್ಪಿಕೊಂಡು, ಇಪ್ಪತ್ತು ನಿಮಿಷ ಚೆನ್ನಾಗಿ ಮಾತನಾಡಿ ವೇದಿಕೆಯ ಮೇಲೆ ಕುಳಿತೇ ಇರುವ ನಿವೃತ್ತ ಮೇಷ್ಟ್ರ ಹೆಸರು ಬರುವುದೇ ಇಲ್ಲ. ಸಭೆಯಲ್ಲಿ ಒಂದು ಗುಸುಗುಸು ಏಳುತ್ತದೆ. ಓದುತ್ತಿರುವವರಿಗೆ ಅದು ಯಾಕೆಂದು ಗೊತ್ತಾಗುವುದಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ‘ವೋಟ್ ಆಫ್ ಥ್ಯಾಂಕ್ಸ್’ ಎಂಬ ಹೆಸರಿದೆ. ಅಲ್ಲಿ ವೋಟು ಎನ್ನುವುದು ಬರೀ ಮಾತಿಗಲ್ಲ. ಹಳೆಯ ಸಭಾ ಪದ್ಧತಿಯಲ್ಲಿ ಒಬ್ಬರು ‘ಇಂದಿನ ಉಪನ್ಯಾಸಕರಿಗೆ ಈ ಸಭೆ ವಂದನೆ ಸಲ್ಲಿಸಬೇಕು’ ಎಂದು ನಿರ್ಣಯ ಮಂಡಿಸುತ್ತಿದ್ದರು, ಇನ್ನೊಬ್ಬರು ಅನುಮೋದಿಸುತ್ತಿದ್ದರು, ಸಭೆ ಚಪ್ಪಾಳೆಯ ಮೂಲಕ ಒಪ್ಪಿಗೆ ಕೊಡುತ್ತಿತ್ತು. ಆ ಚಪ್ಪಾಳೆಯೇ ಮತ. ಇದರ ನೆಂಟ ಇವತ್ತಿಗೂ ನಮ್ಮ ವಿಧಾನಸಭೆಯಲ್ಲಿ ಜೀವಂತವಾಗಿದೆ. ರಾಜ್ಯಪಾಲರು ಭಾಷಣ ಮಾಡಿದ ಮೇಲೆ ಸದಸ್ಯರೊಬ್ಬರು ವಂದನಾ ನಿರ್ಣಯ ಮಂಡಿಸುತ್ತಾರೆ, ಚರ್ಚೆ ನಡೆಯುತ್ತದೆ, ಸದನ ಒಪ್ಪಬೇಕು. ಸಂಸತ್ತಿನಲ್ಲಿ ರಾಷ್ಟ್ರಪತಿಗಳ ಭಾಷಣಕ್ಕೂ ಹೀಗೆಯೇ. 2015 ಮತ್ತು 2016ರಲ್ಲಿ ರಾಜ್ಯಸಭೆ ಆ ನಿರ್ಣಯವನ್ನು ವಿರೋಧ ಪಕ್ಷಗಳ ತಿದ್ದುಪಡಿ ಸೇರಿಸಿಯೇ ಅಂಗೀಕರಿಸಿತು. ಕಾಲೇಜಿನ ಸಭಾಂಗಣದಲ್ಲಿ ಮತವೂ ಇಲ್ಲ, ತಿದ್ದುಪಡಿಯೂ ಇಲ್ಲ. ಆದರೆ ಮೂಲದ ಒಂದು ಅಂಶ ಉಳಿದಿದೆ: ವಂದಿಸುವವರು ತಮ್ಮ ಪರವಾಗಿ ಮಾತನಾಡುತ್ತಿಲ್ಲ, ಅಲ್ಲಿ ಕುಳಿತ ಎಲ್ಲರ ಪರವಾಗಿ ಮಾತನಾಡುತ್ತಿದ್ದಾರೆ. ಹಾಗಾಗಿ ‘ನಾನು ಈ ಸಂಕಿರಣಕ್ಕಾಗಿ ಎಷ್ಟು ಓಡಾಡಿದೆನೆಂದರೆ’ ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಕೆಲಸದ ವಿವರಕ್ಕೆ ಬರಲು ನಾನು ಮಾಡಿದ ಒಂದು ವಂದನಾರ್ಪಣೆಯನ್ನೇ ಬಿಡಿಸಿ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಶಾಸನಗಳ ಕುರಿತು ಎರಡು ದಿನದ ಸಂಕಿರಣ. ಮೊದಲ ದಿನ ಉದ್ಘಾಟನೆ, ಆಶಯ ಭಾಷಣ, ಎರಡು ಗೋಷ್ಠಿ. ಎರಡನೆಯ ದಿನ ಬೆಳಿಗ್ಗೆ ಮತ್ತೆರಡು ಗೋಷ್ಠಿ, ಊಟವಾದ ಮೇಲೆ ಕೆರೆ ಏರಿಯ ಬಳಿ ನಿಂತಿರುವ ಶಾಸನದಿಂದ ಪಡಿಯಚ್ಚು ತೆಗೆಯುವ ಪ್ರಾತ್ಯಕ್ಷಿಕೆ, ನಾಲ್ಕು ಗಂಟೆಗೆ ಸಮಾರೋಪ. ಐದೂಕಾಲಿಗೆ ಜಿಲ್ಲಾ ಕೇಂದ್ರಕ್ಕೆ ಕೊನೆಯ ನೇರ ಬಸ್ಸು. ವಂದನಾರ್ಪಣೆಯ ಉದ್ದವನ್ನು ನಿರ್ಧರಿಸುವುದು ಬಹಳ ಸಲ ಈ ಬಸ್ಸೇ.

ಆ ಸಂಕಿರಣದ ಹೊತ್ತಿಗೆ ನಾನು ಒಂದು ನೋಟುಬುಕ್ಕು ಇಟ್ಟುಕೊಳ್ಳುವುದನ್ನು ಕಲಿತಿದ್ದೆ. ಅದಕ್ಕೆ ಕಾರಣವಾದ ಘಟನೆಯನ್ನು ಹೇಳಲೇಬೇಕು. ಹಿಂದೆ ಬೇರೊಂದು ಕಾಲೇಜಿನಲ್ಲಿದ್ದಾಗ ನಾನು ಮಾಡಿದ ವಂದನಾರ್ಪಣೆಯಲ್ಲಿ ಸಭಾಂಗಣ ನೋಡಿಕೊಳ್ಳುತ್ತಿದ್ದ ಅಟೆಂಡರ್ ಹೆಸರು ಬಿಟ್ಟುಹೋಗಿತ್ತು. ಬಾಡಿಗೆಗೆ ತಂದ ಧ್ವನಿವರ್ಧಕ ಕಳುವಾಗಬಾರದೆಂದು ಅವರು ಆ ರಾತ್ರಿ ಸಭಾಂಗಣದಲ್ಲೇ ಜಮಖಾನ ಹಾಸಿಕೊಂಡು ಮಲಗಿದ್ದರು. ಇದು ನನಗೆ ಗೊತ್ತಿರಲಿಲ್ಲ, ನಾನು ಕೇಳಿರಲೂ ಇಲ್ಲ. ಕಾರ್ಯಕ್ರಮ ಮುಗಿದು ಕುರ್ಚಿ ಜೋಡಿಸುತ್ತಿದ್ದಾಗ ಬೀಗದ ಕೈ ಹಿಡಿದು ಬಂದರು. ‘ಸಾರ್, ಚೀಟೀಲಿ ನನ್ನ ಹೆಸರು ಇತ್ತಾ?’ ಎಂದರು. ಇರಲಿಲ್ಲ ಎಂದೆ. ‘ಇರ್ಲಿ ಬಿಡಿ ಸಾರ್. ಮನೇವ್ರು ಬಂದು ಹಿಂದಗಡೆ ಕೂತಿದ್ರು, ಅದಕ್ಕೇ ಕೇಳ್ದೆ’ ಎಂದು ಹೋದರು. ನಾನು ಮಾರನೆಯ ದಿನ ಅವರ ಮನೆಗೆ ಹೋಗಿ ಬಂದೆ. ಆದರೆ ಸಭೆಯಲ್ಲಿ ಹೇಳದೆ ಉಳಿದ ಹೆಸರನ್ನು ಮನೆಗೆ ಹೋಗಿ ಹೇಳಿದರೆ ಲೆಕ್ಕ ಸರಿಹೋಗುವುದಿಲ್ಲ.

ಅಲ್ಲಿಂದ ಮುಂದೆ ಎರಡು ರೂಪಾಯಿಯ ಪೆನ್ನು, ಅಂಗೈಯಗಲದ ನೋಟುಬುಕ್ಕು ಜೇಬಿನಲ್ಲಿ. ಪುಟಕ್ಕೆ ಎರಡೇ ಕಲಮು: ಹೆಸರು, ಅವರು ಮಾಡಿದ್ದು. ಎರಡನೆಯ ಕಲಮಿನಲ್ಲಿ ‘ಸಹಕರಿಸಿದರು’ ಎಂದು ಬರೆಯುವಂತಿಲ್ಲ. ಕಣ್ಣಿಗೆ ಕಂಡ ಕೆಲಸ ಬರೆಯಬೇಕು. ಶಾಸನ ಸಂಕಿರಣದ ಮೊದಲ ದಿನ ರಾತ್ರಿ ಅರ್ಧ ಗಂಟೆ ಸಂಚಾಲಕರ ಜೊತೆ, ಕಾಲು ಗಂಟೆ ಅಡುಗೆಮನೆಯಲ್ಲಿ, ಕಾಲು ಗಂಟೆ ವಿದ್ಯಾರ್ಥಿಗಳ ಜೊತೆ ಕುಳಿತೆ. ವೇದಿಕೆಯಿಂದ ಕಾಣದ ಕೆಲಸಗಳೆಲ್ಲ ಅಲ್ಲಿ ಸಿಕ್ಕವು. ಪ್ರಬಂಧಕಾರರೊಬ್ಬರು ರಾತ್ರಿ ಎರಡೂವರೆಗೆ ರೈಲಿನಿಂದ ಇಳಿದಾಗ ಬೈಕಿನಲ್ಲಿ ಹೋಗಿ ಕರೆತಂದವನು ದ್ವಿತೀಯ ಬಿ.ಎ. ಹುಡುಗ. ನೋಂದಣಿ ಮೇಜಿನಲ್ಲಿ ಕುಳಿತ ಮೂವರು ಹುಡುಗಿಯರು ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆಯವರೆಗೆ ತಿಂಡಿ ತಿಂದಿರಲಿಲ್ಲ. ಮೊದಲ ದಿನ ಊಟಕ್ಕೆ ಅಂದಾಜಿಗಿಂತ ಹೆಚ್ಚು ಜನ ಬಂದು ಅನ್ನ ಸಾಲದಾದಾಗ ಅಡುಗೆಯಮ್ಮ ಹದಿನೈದು ನಿಮಿಷದಲ್ಲಿ ಉಪ್ಪಿಟ್ಟು ಕೆದಕಿ ಸಾಲನ್ನು ಮುಂದುವರಿಸಿದ್ದರು.

ಹೆಸರುಗಳನ್ನು ಅವರವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಮೊದಲಕ್ಷರ ಹಿಂದುಮುಂದಾದರೆ, ತಂದೆಯ ಹೆಸರನ್ನೇ ಅವರ ಹೆಸರು ಮಾಡಿದರೆ, ಡಾಕ್ಟರೇಟ್ ಮುಗಿಸಿದವರನ್ನು ಶ್ರೀ ಎಂದುಬಿಟ್ಟರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಹಣ ಕೊಟ್ಟ ಸಂಸ್ಥೆಗಳ ಹೆಸರನ್ನು ಖಜಾಂಚಿಯ ರಸೀದಿ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು, ನೆನಪಿನಿಂದ ಬೇಡ. ಆಹ್ವಾನ ಪತ್ರಿಕೆಯ ಪ್ರತಿಯಲ್ಲಿ ಬಂದವರಿಗೆಲ್ಲ ಟಿಕ್ ಹಾಕುತ್ತಾ ಹೋದರೆ ಬಾರದವರಿಗೆ ವಂದಿಸುವ ಪ್ರಮಾದ ತಪ್ಪುತ್ತದೆ.

ಇನ್ನು ಸಮಯ. ಮೈಕಿನ ಮುಂದೆ ನಿಧಾನವಾಗಿ, ಹೆಸರುಗಳು ಸ್ಪಷ್ಟವಾಗಿ ಕೇಳುವಂತೆ ಮಾತನಾಡಿದರೆ ನನಗೆ ನಿಮಿಷಕ್ಕೆ ಎಂಬತ್ತರಿಂದ ತೊಂಬತ್ತು ಪದ ಆಗುತ್ತವೆ. ಎರಡು ದಿನದ ಸಂಕಿರಣಕ್ಕೆ ನಾಲ್ಕು ನಿಮಿಷ ಸಾಕು, ಐದು ಮೀರಬಾರದು. ಎಂದರೆ ಮುನ್ನೂರೈವತ್ತು ಪದ, ಎರಡು ಪುಟ. ಅಷ್ಟರಲ್ಲಿ ಸುಮಾರು ಇಪ್ಪತ್ತೈದು ಹೆಸರು ಹಿಡಿಯುತ್ತವೆ. ನೋಟುಬುಕ್ಕಿನಲ್ಲಿ ಅರವತ್ತು ಇದ್ದರೆ ತಂಡದ ಹೆಸರು ಹೇಳಿ, ಅದನ್ನು ಮುನ್ನಡೆಸಿದವರ ಹೆಸರು ಹೇಳಿ, ಉಳಿದವರನ್ನು ಎದ್ದು ನಿಲ್ಲಲು ಕೋರಬೇಕು. ಎದ್ದು ನಿಂತ ಹದಿನೆಂಟು ವಿದ್ಯಾರ್ಥಿಗಳನ್ನು ಸಭೆ ಕಣ್ಣಾರೆ ನೋಡುತ್ತದೆ. ಹದಿನೆಂಟು ಹೆಸರುಗಳನ್ನು ಸಾಲಾಗಿ ಓದಿದರೆ ಅವರ ತಾಯ್ತಂದೆಯರು ಬಿಟ್ಟು ಬೇರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕ್ರಮದ ವಿಷಯದಲ್ಲಿ ರೂಢಿ ಎಲ್ಲರಿಗೂ ಗೊತ್ತು. ಸಮಾರೋಪದ ಅಧ್ಯಕ್ಷರು, ಸಮಾರೋಪ ನುಡಿಗಳನ್ನಾಡಿದವರು, ಅತಿಥಿಗಳು, ಗೋಷ್ಠಿಗಳ ಅಧ್ಯಕ್ಷರು, ಪ್ರಬಂಧ ಮಂಡಿಸಿದವರು, ಪೋಷಕ ಸಂಸ್ಥೆ, ಪ್ರಾಂಶುಪಾಲರು, ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಕೊನೆಗೆ ಅಡುಗೆಯವರು, ಧ್ವನಿವರ್ಧಕದವರು, ಪತ್ರಕರ್ತರು, ಸಭಿಕರು. ವೇದಿಕೆಯ ಮೇಲಿರುವವರನ್ನು ಮೊದಲು ನೆನೆಯುವುದು ಶಿಷ್ಟಾಚಾರ, ಅದನ್ನು ಮುರಿಯುವ ಅಗತ್ಯವಿಲ್ಲ. ಆದರೆ ಅವರಿಗೆ ಹಾರ, ಶಾಲು, ಪೀಠಿಕೆಯ ಹೊಗಳಿಕೆ ಎಲ್ಲ ಆಗಲೇ ಸಂದಿವೆ. ನಾನು ವೇದಿಕೆಗೆ ಒಂದು ನಿಮಿಷ ಕೊಡುತ್ತೇನೆ, ಉಳಿದ ಮೂರು ನಿಮಿಷ ವೇದಿಕೆಯ ಕೆಳಗಿನವರಿಗೆ. ಅಡುಗೆಯವರನ್ನು ಕಟ್ಟಕಡೆಗೆ ಬಿಡುವುದೂ ಇಲ್ಲ. ಕೊನೆಯ ಅರ್ಧ ನಿಮಿಷದಲ್ಲಿ ಜನ ಚೀಲ ಎತ್ತಿಕೊಳ್ಳುತ್ತಿರುತ್ತಾರೆ, ಆ ಸದ್ದಿನಲ್ಲಿ ಅವರ ಹೆಸರು ಮುಳುಗಿಹೋಗುತ್ತದೆ. ಅವರನ್ನು ನಡುವೆ ತರುತ್ತೇನೆ.

ವಾಕ್ಯ ಕಟ್ಟುವ ಬಗೆಯಲ್ಲಿ ಕನ್ನಡ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ನಮ್ಮಲ್ಲಿ ಕೆಲಸ ಮೊದಲು ಬಂದು ಹೆಸರು ಆಮೇಲೆ ಬರಬಹುದು: ರಾತ್ರಿ ಎರಡೂವರೆಗೆ ರೈಲು ನಿಲ್ದಾಣದಲ್ಲಿ ಕಾದು ನಿಂತ ಇಂಥವರು. ‘ನಿಂತ’ ಎನ್ನುವವರೆಗೆ ಸಭೆ ಯಾರಿರಬಹುದು ಎಂದು ಯೋಚಿಸುತ್ತಿರುತ್ತದೆ, ಹೆಸರು ಬಂದ ಕ್ಷಣ ಹಿಂದಿನ ಸಾಲಿನಲ್ಲಿ ಗೆಳೆಯರು ಅವನ ಬೆನ್ನು ತಟ್ಟುತ್ತಾರೆ. ಮೊದಲು ಹೆಸರು ಹೇಳಿ, ಬಳಿಕ ಅವರು ತುಂಬಾ ಶ್ರಮಿಸಿದರು, ಅವರಿಗೆ ತುಂಬು ಹೃದಯದ ಧನ್ಯವಾದಗಳು ಎಂದರೆ ಆ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ. ಇಪ್ಪತ್ತು ಸಲ ತುಂಬಿದ ಹೃದಯದಲ್ಲಿ ಇಪ್ಪತ್ತೊಂದನೆಯವರಿಗೆ ಏನೂ ಉಳಿದಿರುವುದಿಲ್ಲ. ಪ್ರತಿ ಹೆಸರಿನ ಜೊತೆ ಧನ್ಯವಾದ ಎನ್ನದೆ, ಒಂದು ಗುಂಪಿನ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ ಒಮ್ಮೆ ವಂದಿಸಿದರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅತಿಥಿಗಳಿಗೆ ‘ಅವರು’, ಅಡುಗೆಯವರಿಗೂ ಅಟೆಂಡರಿಗೂ ಬರಿಯ ಹೆಸರು, ಕೆಲವೊಮ್ಮೆ ಅದಕ್ಕೂ ಮೊಟಕಾದ ಕರೆಯುವ ಹೆಸರು. ಮೈಕಿನಲ್ಲಿ ಈ ಭೇದ ಬಹಳ ಕಟುವಾಗಿ ಕೇಳಿಸುತ್ತದೆ. ದಿನನಿತ್ಯ ಹೇಗೆ ಕರೆದರೂ ಸರಿ, ವಂದನಾರ್ಪಣೆಯಲ್ಲಿ ಎಲ್ಲರ ಪೂರ್ಣ ಹೆಸರು ಬರಬೇಕು, ಎಲ್ಲರ ಹೆಸರಿನ ಮುಂದೆಯೂ ‘ಅವರು’ ಬರಬೇಕು.

ಆ ಶಾಸನ ಸಂಕಿರಣದಲ್ಲಿ ನಾನು ಆಡಿದ ಮಾತಿನ ನಡುವಿನ ಭಾಗ ಹೀಗಿತ್ತು. ಇಲ್ಲಿ ಹೆಸರುಗಳನ್ನು ಬಿಟ್ಟು ಕೆಲಸವನ್ನಷ್ಟೇ ಕೊಡುತ್ತಿದ್ದೇನೆ; ಸಭೆಯಲ್ಲಿ ಪ್ರತಿಯೊಂದಕ್ಕೂ ಹೆಸರಿತ್ತು.

‘ನಿನ್ನೆ ಎರಡನೆಯ ಗೋಷ್ಠಿಯಲ್ಲಿ ವಿದ್ವಾಂಸರೊಬ್ಬರು ಒಂದು ಮಾತು ಹೇಳಿದರು. ನಮ್ಮ ಎಷ್ಟೋ ಶಾಸನಗಳು ದಾನ ಕೊಟ್ಟ ಅರಸನ ಬಿರುದಾವಳಿಯಿಂದ ಆರಂಭವಾಗಿ ಪಾಠ ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರಿನೊಂದಿಗೆ ಮುಗಿಯುತ್ತವೆ. ಬೇಲೂರಿನ ಮದನಿಕೆಯರ ಅಡಿಯಲ್ಲಿ ದಾಸೋಜ, ಚಾವಣ ಎಂಬ ಹೆಸರು ಕೊರೆದಿರುವುದರಿಂದಲೇ ಅವರು ಯಾರೆಂದು ನಮಗೆ ಗೊತ್ತು. ಈ ಸಂಕಿರಣವನ್ನು ಕಂಡರಿಸಿದವರ ಹೆಸರನ್ನು ಈಗ ಹೇಳುತ್ತೇನೆ. ಎರಡೂ ದಿನ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ, ನಿನ್ನೆ ಅನ್ನ ಸಾಲದೆ ಹೋದಾಗ ಯಾರನ್ನೂ ಹಸಿದು ಕಳುಹಿಸದ ಅಡುಗೆಯವರು. ಅಂದಾಜು ತಪ್ಪಿದ್ದು ನಮ್ಮದು, ತಡವಾಗಿ ಉಂಡವರು ಕ್ಷಮಿಸಬೇಕು. ತಾವು ತಿಂಡಿ ತಿನ್ನದೆ ನಮ್ಮೆಲ್ಲರ ಹೆಸರು ಬರೆದುಕೊಂಡ ನೋಂದಣಿ ಮೇಜಿನ ಮೂವರು ವಿದ್ಯಾರ್ಥಿನಿಯರು. ಇಂದು ಮಧ್ಯಾಹ್ನ ಕೆರೆಯಿಂದ ಹನ್ನೆರಡು ಕೊಡ ನೀರು ಹೊತ್ತು ತಂದು ಶಾಸನದ ಕಲ್ಲು ತೊಳೆದ ಎನ್‌ಎಸ್‌ಎಸ್ ತಂಡ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ತಟ್ಟಿ, ಅದು ಅರೆ ಒಣಗುವವರೆಗೂ ಗಾಳಿಗೆ ಹಾರದಂತೆ ಕೈಯಲ್ಲಿ ಒತ್ತಿ ಹಿಡಿದ ಇಬ್ಬರು. ಮಸಿ ಹಚ್ಚಿದಾಗ ಕಪ್ಪಿನ ನಡುವೆ ಬಿಳಿಯ ಅಕ್ಷರ ಮೂಡಿದ್ದನ್ನು ನಾವೆಲ್ಲ ನೋಡಿದೆವು, ಆಗ ಅವರ ಕೈ ಯಾರ ಕಣ್ಣಿಗೂ ಬೀಳಲಿಲ್ಲ. ಇವರೆಲ್ಲ ದಯವಿಟ್ಟು ಒಮ್ಮೆ ಎದ್ದು ನಿಲ್ಲಬೇಕು. ಈ ಸಭೆಯ ಪರವಾಗಿ ನಿಮಗೆ ವಂದನೆ.’

ಆ ಬೆಳಿಗ್ಗೆಯ ಗೋಷ್ಠಿಯಲ್ಲಿ ಶಾಸನವೊಂದರ ಕಾಲದ ಬಗ್ಗೆ ಇಬ್ಬರು ಹಿರಿಯರ ನಡುವೆ ಬಿಸಿ ಚರ್ಚೆ ನಡೆದಿತ್ತು. ಒಬ್ಬರು ಲಿಪಿಯ ಆಧಾರದ ಮೇಲೆ ಒಂದು ಶತಮಾನ ಹಿಂದಕ್ಕೆ ಒಯ್ಯುತ್ತಿದ್ದರು, ಇನ್ನೊಬ್ಬರು ಒಪ್ಪಲಿಲ್ಲ. ವಂದಿಸುವವರಿಗೆ ಇಲ್ಲಿ ಒಂದು ಆಸೆ ಹುಟ್ಟುತ್ತದೆ, ತಾವೂ ಒಂದು ಅಭಿಪ್ರಾಯ ಹೇಳಿಬಿಡೋಣ ಎಂದು. ಹಾಗೆ ಮಾಡಲೇಬಾರದು. ಉತ್ತರ ಕೊಡಲು ಎದುರಿನವರಿಗೆ ಇನ್ನು ಅವಕಾಶವಿಲ್ಲ. ನಾನು ಇಬ್ಬರ ಹೆಸರನ್ನೂ ಒಂದೇ ವಾಕ್ಯದಲ್ಲಿ ತಂದು, ‘ಆ ಕಲ್ಲಿನ ಮುಂದೆ ಮತ್ತೊಮ್ಮೆ ನಿಂತು ಓದಬೇಕೆಂಬ ಆಸೆ ಹುಟ್ಟಿಸಿದ’ ಎಂದಷ್ಟೇ ಹೇಳಿದೆ. ಗೋಷ್ಠಿಗಳ ಸಾರಾಂಶ ಹೇಳುವುದೂ ವಂದಿಸುವವರ ಕೆಲಸವಲ್ಲ, ಅದನ್ನು ಸಮಾರೋಪ ನುಡಿಯವರು ಆಗಲೇ ಮಾಡಿರುತ್ತಾರೆ. ಒಬ್ಬೊಬ್ಬ ಉಪನ್ಯಾಸಕರ ಒಂದೊಂದು ಮಾತು ನೆನಪಿನಲ್ಲಿಟ್ಟು ಹೇಳಿದರೆ ಸಾಕು. ತಮ್ಮ ಪ್ರಬಂಧವನ್ನು ಯಾರೋ ನಿಜವಾಗಿ ಕೇಳಿಸಿಕೊಂಡಿದ್ದಾರೆ ಎಂದು ಅವರಿಗೆ ಅದರಿಂದಲೇ ಗೊತ್ತಾಗುತ್ತದೆ.

ಊಟದ ಪ್ರಸಂಗವನ್ನು ಹೇಳಬೇಕಿತ್ತೇ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದರು. ಕುಂದುಕೊರತೆಗಳಿದ್ದಲ್ಲಿ ಕ್ಷಮೆಯಿರಲಿ ಎನ್ನುವುದು ಎಲ್ಲ ವಂದನಾರ್ಪಣೆಗಳಲ್ಲೂ ಇರುವ ಮಾತು, ಅದನ್ನು ಯಾರೂ ನಂಬುವುದಿಲ್ಲ. ತಡವಾಗಿ ಉಂಡವರು ಎದುರಿಗೇ ಕುಳಿತಿದ್ದರು. ಆದದ್ದನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು ಮುಂದೆ ಹೋಗುವುದೇ ಮರ್ಯಾದೆ. ಎರಡನೆಯ ವಾಕ್ಯ ಮಾತ್ರ ಬೇಡ, ಅಲ್ಲಿಂದ ಸಮಜಾಯಿಷಿ ಶುರುವಾಗುತ್ತದೆ.

‘ಪ್ರತ್ಯಕ್ಷವಾಗಿ ಮತ್ತು ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ’ ಎಂಬ ಮಾತನ್ನು ಹಲವರು ಹಳಸಲು ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಎಷ್ಟೇ ಬರೆದುಕೊಂಡರೂ ಒಬ್ಬಿಬ್ಬರು ಬಿಟ್ಟುಹೋಗುತ್ತಾರೆ, ಅವರಿಗಾಗಿ ಬಾಗಿಲೊಂದು ತೆರೆದಿರಬೇಕು. ಕೊನೆಯಲ್ಲಿ ಒಮ್ಮೆ ಹೇಳಿದರೆ ಅದಕ್ಕೆ ಅರ್ಥವಿದೆ. ಯಾರ ಹೆಸರನ್ನೂ ವಿಚಾರಿಸದೆ ಇಡೀ ವಂದನಾರ್ಪಣೆಯನ್ನು ಆ ಒಂದು ಮಾತಿನಲ್ಲಿ ಮುಗಿಸಿದಾಗಲೇ ಅದು ಹಳಸುವುದು.

ಸಭಿಕರ ಬಗೆಗೂ ಹೇಳಬೇಕು. ಎರಡನೆಯ ದಿನ ಮಧ್ಯಾಹ್ನದ ನಂತರ ಸಭಾಂಗಣ ತೆಳುವಾಗುವುದು ಎಲ್ಲೆಡೆ ಇದ್ದದ್ದೇ. ಪ್ರಮಾಣಪತ್ರಗಳನ್ನು ಊಟದ ಹೊತ್ತಿಗೇ ಹಂಚಿಬಿಟ್ಟರೆ ಸಮಾರೋಪಕ್ಕೆ ಅರ್ಧ ಜನವೂ ಉಳಿಯುವುದಿಲ್ಲ. ಹಾಗೆಂದು ಕೊನೆಯವರೆಗೂ ತಡೆಹಿಡಿದರೆ ದೂರದಿಂದ ಬಂದವರ ಬಸ್ಸು ತಪ್ಪುತ್ತದೆ. ಪ್ರಾತ್ಯಕ್ಷಿಕೆ ಮುಗಿದು ಸಭೆ ಮತ್ತೆ ಸೇರುವ ಹೊತ್ತಿಗೆ ಸಹಿ ಹಾಕಿದ ಪ್ರಮಾಣಪತ್ರಗಳನ್ನು ಊರುವಾರು ಜೋಡಿಸಿ ಬಾಗಿಲ ಬಳಿಯ ಮೇಜಿನಲ್ಲಿ ಇಟ್ಟುಕೊಂಡರೆ, ಕಾರ್ಯಕ್ರಮ ಮುಗಿದ ಹತ್ತು ನಿಮಿಷದಲ್ಲಿ ಎಲ್ಲರ ಕೈಗೂ ಸೇರುತ್ತವೆ. ನಾವು ಹಾಗೆ ಮಾಡಿದೆವು. ಕೊನೆಯವರೆಗೆ ಕುಳಿತವರಿಗೆ ವಂದಿಸುವಾಗ ‘ಅಪಾರ ಸಂಖ್ಯೆಯಲ್ಲಿ’ ಎನ್ನಬಾರದು, ಖಾಲಿ ಕುರ್ಚಿಗಳು ಎದುರಿಗೇ ಇರುತ್ತವೆ. ಇದ್ದವರು ಕೇಳಿದ ಪ್ರಶ್ನೆಗಳನ್ನು ನೆನೆದರೆ ಅದೇ ಅವರಿಗೆ ಸಲ್ಲುವ ಗೌರವ.

ನಮ್ಮಲ್ಲಿ ವಂದನಾರ್ಪಣೆಯ ನಂತರ ಉಳಿಯುವುದು ರಾಷ್ಟ್ರಗೀತೆ ಒಂದೇ, 52 ಸೆಕೆಂಡು. ಆ ದಿನ ಅದು ಮುಗಿದಾಗ ನಾಲ್ಕು ಐವತ್ತು. ಬಸ್ಸಿಗೆ ಹೋಗುವವರಿಗೆ ಚಹಾ ಕುಡಿಯುವಷ್ಟು ಸಮಯವಿತ್ತು.

ಸಂಕಿರಣ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ವಂದನಾರ್ಪಣೆ ಯಾರು ಮಾಡುತ್ತಾರೆಂಬುದನ್ನು ಆಹ್ವಾನ ಪತ್ರಿಕೆ ಅಚ್ಚಾಗುವ ದಿನವೇ ನಿರ್ಧರಿಸಿ, ಎರಡೂ ದಿನ ಅವರಿಗೆ ಬೇರೆ ಜವಾಬ್ದಾರಿ ಕೊಡಬೇಡಿ. ಮೊದಲ ದಿನ ಬೆಳಿಗ್ಗೆ ಅವರು ಮಾತನಾಡಿಸಬೇಕಾದ ಮೊದಲ ವ್ಯಕ್ತಿ ಸಭಾಂಗಣದ ಬಾಗಿಲಲ್ಲೇ ಇರುತ್ತಾರೆ, ಬೀಗದ ಕೈ ಅವರ ಹತ್ತಿರವೇ ಇರುತ್ತದೆ.